ಬಾಕಿ ಪೂರ್ತಿ ಮುಳುಗುವ ಮೊದಲೇ ನಷ್ಟ ತೋರಿಸಬಹುದಾ?

ಮಾಲು ಕಳಿಸಿ ಬಿಲ್ ಹಾಕಿದ ದಿನವೇ ಅದು ನಿಮ್ಮ ಆದಾಯ. ದುಡ್ಡು ಕೈಗೆ ಬಂದಿರಲಿ, ಬಾರದಿರಲಿ, ಆ ವರ್ಷದ ಲಾಭದಲ್ಲಿ ಅದು ಸೇರುತ್ತದೆ. ತೆರಿಗೆಯನ್ನೂ ಕಟ್ಟಬೇಕು. ಉದ್ರಿ ವ್ಯಾಪಾರ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ. ಆಮೇಲೆ ಪಾರ್ಟಿ ದುಡ್ಡು ಕೊಡಲಿಲ್ಲ ಅಂದರೆ? ಅಂಗಡಿ ಮುಚ್ಚಿಲ್ಲ, ಫೋನ್ ಎತ್ತುತ್ತಾರೆ, "ಮುಂದಿನ ತಿಂಗಳು ಕೊಡ್ತೀನಿ" ಅನ್ನುತ್ತಾರೆ. ಬಾಕಿ ಸತ್ತಿಲ್ಲ, ಆದರೆ ಬದುಕುವ ಲಕ್ಷಣವೂ ಇಲ್ಲ. ಇಂಥ ಬಾಕಿಯನ್ನು ನಷ್ಟ ಎಂದು ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದಾ ಅನ್ನುವುದೇ ಪ್ರಶ್ನೆ.

ಈ ಪ್ರಶ್ನೆ ಈಗ ಮತ್ತೆ ಕೇಳಿಬರಲು ಕಾರಣವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಸೆಕ್ಷನ್ ನಂಬರುಗಳು ಬದಲಾಗಿವೆ. ಬಾಕಿಯ ವಿಷಯದಲ್ಲಿ ಮೂಲ ತತ್ವ ಮಾತ್ರ ಬದಲಾಗಿಲ್ಲ. 2025-26ನೇ ಹಣಕಾಸು ವರ್ಷದವರೆಗಿನ ಲೆಕ್ಕ ಹಳೆಯ ಕಾಯ್ದೆಯ ಕೆಳಗೇ ನಡೆಯುತ್ತದೆ. ಕೋರ್ಟ್ ತೀರ್ಪುಗಳೆಲ್ಲ ಹಳೆಯ ಸೆಕ್ಷನ್‌ಗಳ ಮೇಲೆಯೇ ಇವೆ. ಹಾಗಾಗಿ ಇಲ್ಲಿ ಹಳೆಯ ನಂಬರುಗಳನ್ನೇ ಬಳಸುತ್ತೇನೆ.

1989ರ ಏಪ್ರಿಲ್‌ಗೆ ಮೊದಲು ನಿಯಮ ಕಠಿಣವಾಗಿತ್ತು. ಬಾಕಿ ಆ ವರ್ಷವೇ ಕೆಟ್ಟಿತು ಎಂದು ವ್ಯಾಪಾರಿ ಸಾಬೀತು ಮಾಡಬೇಕಿತ್ತು. ನೀವು ಈ ವರ್ಷ ಕ್ಲೇಮ್ ಮಾಡಿದರೆ ತೆರಿಗೆ ಅಧಿಕಾರಿ "ಇನ್ನೂ ಆಸೆ ಇದೆಯಲ್ಲ, ಈಗಲೇ ಯಾಕೆ" ಅನ್ನಬಹುದಿತ್ತು. ಮುಂದಿನ ವರ್ಷ ಹೋದರೆ "ಇದು ಹೋದ ವರ್ಷವೇ ಕೆಟ್ಟಿತ್ತಲ್ಲ" ಅನ್ನಬಹುದಿತ್ತು. ದುಡ್ಡು ಹೋಗಿದೆ ಎಂಬುದನ್ನು ಇಬ್ಬರೂ ಒಪ್ಪುತ್ತಿದ್ದರು, ಯಾವ ವರ್ಷ ಹೋಯಿತು ಎಂಬುದಕ್ಕೆ ಹತ್ತಾರು ವರ್ಷ ಜಗಳ ನಡೆಯುತ್ತಿತ್ತು. ಇದನ್ನು ತಪ್ಪಿಸಲೆಂದೇ ಸಂಸತ್ತು ಸೆಕ್ಷನ್ 36(1)(vii) ಅನ್ನು ಬದಲಿಸಿತು. ವಸೂಲಾಗದು ಎಂದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ರೈಟ್ ಆಫ್ ಮಾಡಿದರೆ ಸಾಕು, ಆ ವರ್ಷವೇ ಕಳೆಯಬಹುದು.

ಬದಲಾವಣೆ ಬಂದ ಮೇಲೂ ಅಧಿಕಾರಿಗಳು ಸಾಕ್ಷ್ಯ ಕೇಳುವುದನ್ನು ಬಿಡಲಿಲ್ಲ. ಕೊನೆಗೆ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಬಾಕಿ ನಿಜಕ್ಕೂ ವಸೂಲಾಗದು ಎಂದು ತೋರಿಸಬೇಕಾಗಿಲ್ಲ, ಪುಸ್ತಕದಲ್ಲಿ ರೈಟ್ ಆಫ್ ಆಗಿದ್ದರೆ ಸಾಕು. ನೇರ ತೆರಿಗೆ ಮಂಡಳಿ ಇದನ್ನು ಒಪ್ಪಿ 2016ರ ಮೇ 30ರಂದು 12/2016 ನಂಬರಿನ ಸುತ್ತೋಲೆ ಹೊರಡಿಸಿತು. ಈ ವಿಷಯಕ್ಕೆ ಇನ್ನು ಮೇಲ್ಮನವಿ ಹಾಕಬೇಡಿ ಎಂದು ತನ್ನ ಅಧಿಕಾರಿಗಳಿಗೂ ಹೇಳಿತು. ನೋಟಿಸ್ ಬಂದಾಗ ಉತ್ತರದ ಜೊತೆ ಇಡಬೇಕಾದ ಮೊದಲ ಕಾಗದ ಈ ಸುತ್ತೋಲೆ.

ಅಂದರೆ ಕಾನೂನು ಇಲ್ಲಿ ಉದಾರವಾಗಿದೆ. ನಷ್ಟ ಪೂರ್ತಿ ಖಚಿತವಾಗುವವರೆಗೆ ಕಾಯಿರಿ ಎಂದು ಅದು ಹೇಳುವುದಿಲ್ಲ. ಪಾರ್ಟಿ ದಿವಾಳಿಯಾಗಿರಬೇಕಿಲ್ಲ, ಕೋರ್ಟ್ ಕೇಸ್ ಮುಗಿದಿರಬೇಕಿಲ್ಲ. ಯಾವ ವರ್ಷ ಕೈಬಿಡುವುದು ಎಂಬ ತೀರ್ಮಾನವೂ ಬಹುಮಟ್ಟಿಗೆ ನಿಮ್ಮದೇ. ಆದರೆ ಬದಲಿಗೆ ಒಂದನ್ನು ಕೇಳುತ್ತದೆ: ಆ ಮೊತ್ತವನ್ನು ನಿಮ್ಮ ಆಸ್ತಿಯ ಲೆಕ್ಕದಿಂದ ನೀವೇ ತೆಗೆದಿರಬೇಕು. "ಬರದೇ ಹೋಗಬಹುದು" ಎಂಬ ಭಯಕ್ಕೆ ಪಕ್ಕದಲ್ಲಿ ಎತ್ತಿಟ್ಟ ಮೊತ್ತ, ಅಂದರೆ ಪ್ರಾವಿಷನ್, ಇದಕ್ಕೆ ಸಾಲದು. 2001ರಲ್ಲಿ ಸೇರಿಸಿದ ವಿವರಣೆಯೊಂದು ಇದನ್ನು ನೇರವಾಗಿಯೇ ಹೇಳಿದೆ. ಅನುಮಾನದ ಬಾಕಿಗೆ ಮಾಡಿದ ಪ್ರಾವಿಷನ್ ರೈಟ್ ಆಫ್ ಅಲ್ಲ. ಅದನ್ನು 1989ರಿಂದಲೇ ಅನ್ವಯವಾಗುವಂತೆ ಸೇರಿಸಲಾಯಿತು.

ಈ ಎರಡರ ನಡುವಿನ ಗೆರೆ ಎಲ್ಲಿ ಅನ್ನುವುದಕ್ಕೆ 2010ರಲ್ಲೇ ಬಂದ ಇನ್ನೆರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಜನವರಿಯಲ್ಲಿ ಬಂದದ್ದು ಸದರ್ನ್ ಟೆಕ್ನಾಲಜೀಸ್ ಎಂಬ ಬ್ಯಾಂಕೇತರ ಹಣಕಾಸು ಕಂಪನಿಯದು. ಕಂತು ನಿಂತ ಸಾಲಕ್ಕೆ ಪ್ರಾವಿಷನ್ ಮಾಡಲೇಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ, ಕಡ್ಡಾಯವಾಗಿ ಮಾಡಿದ ಖರ್ಚನ್ನು ತೆರಿಗೆಯವರು ಒಪ್ಪಬೇಡವೇ ಎಂಬುದು ಕಂಪನಿಯ ವಾದ. ನ್ಯಾಯವಾದ ಪ್ರಶ್ನೆಯೇ ಅಲ್ವಾ? ಆದರೆ ಕೋರ್ಟ್ ಒಪ್ಪಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಇರುವುದು ಕಂಪನಿಯ ಆರೋಗ್ಯವನ್ನು ಜನರಿಗೆ ಸರಿಯಾಗಿ ತೋರಿಸಲು, ತೆರಿಗೆಯ ಆದಾಯ ಲೆಕ್ಕ ಹಾಕುವುದು ಬೇರೆ ಕಾನೂನಿನ ಕೆಲಸ ಎಂದಿತು.

ಏಪ್ರಿಲ್‌ನಲ್ಲಿ ಬಂದದ್ದು ವಿಜಯಾ ಬ್ಯಾಂಕಿನದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿದ್ದ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ನಮ್ಮದೇ ಬ್ಯಾಂಕು. ಅವರು ಲಾಭ-ನಷ್ಟ ಖಾತೆಗೆ ಮೊತ್ತ ಹಾಕಿ, ಪ್ರಾವಿಷನ್ ಖಾತೆಗೆ ಜಮಾ ಮಾಡಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ವರ್ಷದ ಕೊನೆಗೆ ಅದೇ ಮೊತ್ತವನ್ನು ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆಯ ಒಟ್ಟು ಸಾಲದಿಂದ ಕಳೆದು, ಉಳಿದದ್ದನ್ನು ಮಾತ್ರ ತೋರಿಸಿದರು. ಒಬ್ಬೊಬ್ಬ ಸಾಲಗಾರನ ಖಾತೆಯನ್ನು ಮಾತ್ರ ಮುಚ್ಚಲಿಲ್ಲ. ಖಾತೆ ಮುಚ್ಚದೆ ರೈಟ್ ಆಫ್ ಹೇಗಾಗುತ್ತದೆ ಎಂದು ಇಲಾಖೆ ಕೇಳಿತು.

ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಆಸ್ತಿ ಕಡೆಯಿಂದ ಕಳೆದ ಮೇಲೆ ಅದು ಬರೀ ಪ್ರಾವಿಷನ್ ಅಲ್ಲ, ನಿಜವಾದ ರೈಟ್ ಆಫ್ ಎಂದಿತು. ಸಾಲಗಾರನ ಖಾತೆ ಮುಚ್ಚಲೇಬೇಕು ಎಂದರೆ ಏನಾಗುತ್ತದೆ ಎಂಬುದನ್ನೂ ನೋಡಿತು. ವಸೂಲಿಗೆ ಬ್ಯಾಂಕು ಕೋರ್ಟಿಗೆ ಹೋಗಿರುತ್ತದೆ. ಸಾಲಗಾರ ಬಂದು "ನನ್ನ ಖಾತೆಯಲ್ಲಿ ಬಾಕಿ ಸೊನ್ನೆ ಇದೆ, ಇನ್ನೇನು ಕೊಡಬೇಕು" ಎಂದು ವಾದಿಸಬಹುದು. ಇನ್ನು ಇಲಾಖೆಗೂ ಮೋಸವಿಲ್ಲ. ಮುಂದೆ ವಸೂಲಾದರೆ ಸೆಕ್ಷನ್ 41(4) ಪ್ರಕಾರ ಆ ವರ್ಷದ ಆದಾಯವಾಗಿ ತೆರಿಗೆ ಬೀಳುತ್ತದೆ. ನನಗೆ ಈ ತೀರ್ಪು ಇಷ್ಟವಾಗುವುದು ಇದಕ್ಕೇ. ತೆರಿಗೆಗಾಗಿ ಕೈಬಿಡುವುದು ಬೇರೆ, ಸಾಲಗಾರನನ್ನು ಬಿಟ್ಟುಬಿಡುವುದು ಬೇರೆ ಎಂಬುದನ್ನು ಅದು ಸರಿಯಾಗಿ ಹಿಡಿಯಿತು.

ಇನ್ನು ಒಂದು ಲೆಕ್ಕ ಹಾಕಿ ನೋಡೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳಿ. 2023ರ ಆಗಸ್ಟ್‌ನಲ್ಲಿ ಒಬ್ಬ ಗಿರಾಕಿಗೆ 10 ಲಕ್ಷದ ಮಾಲು ಕಳಿಸಿತು. ಶೇ 18 ಜಿಎಸ್‌ಟಿ ಸೇರಿ ಬಿಲ್ 11.80 ಲಕ್ಷ. ಬಂದದ್ದು 3 ಲಕ್ಷ. ಉಳಿದ 8.80 ಲಕ್ಷ ನಿಂತುಹೋಯಿತು. 1.80 ಲಕ್ಷ ಜಿಎಸ್‌ಟಿಯನ್ನು ಸಂಸ್ಥೆ ಮುಂದಿನ ತಿಂಗಳೇ ಕಟ್ಟಿದೆ. 10 ಲಕ್ಷದ ಮಾರಾಟ 2023-24ರ ಆದಾಯದಲ್ಲಿ ಸೇರಿದೆ. ಸಂಸ್ಥೆಯ ತೆರಿಗೆ ದರ ಶೇ 30, ಸೆಸ್ ಸೇರಿ ಶೇ 31.2.

2025ರ ಮಾರ್ಚ್ ಬಂತು. ಅರ್ಧ ಬರಬಹುದು ಎಂಬ ಅಂದಾಜಿನ ಮೇಲೆ ಸಂಸ್ಥೆ 4.40 ಲಕ್ಷಕ್ಕೆ ಪ್ರಾವಿಷನ್ ಮಾಡಿತು. ಲಾಭ-ನಷ್ಟ ಖಾತೆಯಲ್ಲಿ ಲಾಭ ಅಷ್ಟು ಇಳಿಯಿತು. ಆದರೆ ಪ್ರಾವಿಷನ್ ಹೊಣೆಗಳ ಕಡೆಯೇ ಕೂತಿದೆ, ಬಾಕಿದಾರರ ಪಟ್ಟಿಯಲ್ಲಿ 8.80 ಲಕ್ಷ ಹಾಗೇ ಇದೆ. ಹೀಗಿದ್ದರೆ ರಿಟರ್ನ್ ಹಾಕುವಾಗ ಆ 4.40 ಲಕ್ಷವನ್ನು ಲಾಭಕ್ಕೆ ವಾಪಸ್ ಸೇರಿಸಬೇಕು. ಅದರ ಮೇಲಿನ ತೆರಿಗೆ 1,37,280 ರೂಪಾಯಿ. ಸಂಸ್ಥೆ ಅದನ್ನು ಕಟ್ಟಿತು.

2026ರ ಮಾರ್ಚ್‌ನಲ್ಲಿ ಗಿರಾಕಿ ಶೆಡ್ ಖಾಲಿ ಮಾಡಿದ. ಸಂಸ್ಥೆ ಪೂರ್ತಿ 8.80 ಲಕ್ಷವನ್ನು ರೈಟ್ ಆಫ್ ಮಾಡಿತು. ಇಲ್ಲಿ ಒಂದು ಎಡವಟ್ಟು ತುಂಬಾ ಸಲ ನಡೆಯುತ್ತದೆ. ಹಳೆಯ ಪ್ರಾವಿಷನ್ 4.40 ಲಕ್ಷ ಇದೆಯಲ್ಲ, ಅದನ್ನು ಬಳಸಿ, ಉಳಿದ 4.40 ಲಕ್ಷವನ್ನು ಮಾತ್ರ ಈ ವರ್ಷದ ಲಾಭ-ನಷ್ಟ ಖಾತೆಗೆ ಹಾಕುತ್ತಾರೆ. ಪುಸ್ತಕದ ಲೆಕ್ಕವಾಗಿ ಅದು ಸರಿ. ಆದರೆ ತೆರಿಗೆ ಲೆಕ್ಕದಲ್ಲಿ ಈ ವರ್ಷ ರೈಟ್ ಆಫ್ ಆದದ್ದು ಪೂರ್ತಿ 8.80 ಲಕ್ಷ. ಹೋದ ವರ್ಷ ಒಪ್ಪಿಗೆಯಾಗದ 4.40 ಲಕ್ಷವನ್ನು ಆದಾಯದ ಲೆಕ್ಕಪಟ್ಟಿಯಲ್ಲಿ ಈಗ ಬೇರೆಯಾಗಿ ಕಳೆಯಬೇಕು. ಲಾಭ-ನಷ್ಟ ಖಾತೆಯನ್ನು ಮಾತ್ರ ನೋಡಿ ರಿಟರ್ನ್ ತುಂಬಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಹೋದ ವರ್ಷ ಕಟ್ಟಿದ 1,37,280 ರೂಪಾಯಿ ಹಾಗೇ ಹೋಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಹೋದ ವರ್ಷದ ಲೆಕ್ಕಪಟ್ಟಿಯಲ್ಲಿ ವಾಪಸ್ ಸೇರಿಸಿದ ಪ್ರಾವಿಷನ್ ಎಷ್ಟಿತ್ತು, ಈ ವರ್ಷ ಅದರಲ್ಲಿ ಎಷ್ಟು ಬಳಕೆಯಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಸರಿಯಾಗಿ ಮಾಡಿದರೆ 8.80 ಲಕ್ಷದ ಮೇಲೆ ಉಳಿಯುವ ತೆರಿಗೆ 2,74,560 ರೂಪಾಯಿ. ಉಳಿದ ಆರು ಲಕ್ಷ ಚಿಲ್ಲರೆ ಸಂಸ್ಥೆಯ ಜೇಬಿಂದಲೇ ಹೋದದ್ದು. ರೈಟ್ ಆಫ್ ಮಾಡಿದರೆ ದುಡ್ಡು ವಾಪಸ್ ಬಂದಂತೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

8.80 ಲಕ್ಷದ ಒಳಗೆ ಸುಮಾರು 1.34 ಲಕ್ಷ ಜಿಎಸ್‌ಟಿ ಪಾಲು ಇದೆ. ಅದು ಮಾರಾಟದ ಲೆಕ್ಕಕ್ಕೇ ಬಂದಿರಲಿಲ್ಲ, ಅದನ್ನು ಹೇಗೆ ಕಳೆಯುತ್ತೀರಿ ಎಂದು ಅಧಿಕಾರಿ ಕೇಳಬಹುದು. ಕೇಳುವುದಕ್ಕೆ ಆಧಾರವೂ ಇದೆ. ಸೆಕ್ಷನ್ 36(2) ಪ್ರಕಾರ ಆ ಬಾಕಿ ಹಿಂದೆ ಆದಾಯದ ಲೆಕ್ಕಕ್ಕೆ ಬಂದಿರಬೇಕು. ಆದರೆ ಅದೇ ಸೆಕ್ಷನ್ "ಬಾಕಿ ಅಥವಾ ಅದರ ಒಂದು ಭಾಗ" ಬಂದಿದ್ದರೆ ಸಾಕು ಎನ್ನುತ್ತದೆ. ಷೇರು ದಲ್ಲಾಳಿಯೊಬ್ಬರ ಪ್ರಕರಣದಲ್ಲಿ 2012ರಲ್ಲಿ ಬಾಂಬೆ ಹೈಕೋರ್ಟ್ ಇದನ್ನೇ ಹಿಡಿಯಿತು. ದಲ್ಲಾಳಿಯ ಆದಾಯಕ್ಕೆ ಬಂದದ್ದು ದಲ್ಲಾಳಿ ಹಣ ಮಾತ್ರ. ಆದರೂ ಷೇರಿನ ಬೆಲೆ ಸೇರಿ ಪೂರ್ತಿ ಬಾಕಿಯನ್ನು ಕಳೆಯಲು ಒಪ್ಪಿತು. ಜಿಎಸ್‌ಟಿ ಪಾಲಿಗೂ ಈ ವಾದ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆಲವು ಆಡಿಟರುಗಳು ಜೊತೆಗೆ ವ್ಯಾಪಾರದ ನಷ್ಟ ಎಂದೂ ಪರ್ಯಾಯವಾಗಿ ಕ್ಲೇಮ್ ಮಾಡುತ್ತಾರೆ, ಅದು ಜಾಣತನ.

36(2)ರ ಈ ಷರತ್ತನ್ನು ಮರೆತು ಕೈ ಸುಟ್ಟುಕೊಳ್ಳುವವರು ಜಾಸ್ತಿ. ಕಚ್ಚಾ ಮಾಲಿಗೆ ಕೊಟ್ಟ ಮುಂಗಡ ಮುಳುಗಿದರೆ ಅದು ಈ ಸೆಕ್ಷನ್‌ನ ಬಾಕಿಯೇ ಅಲ್ಲ, ಯಾಕೆಂದರೆ ಅದು ಎಂದೂ ನಿಮ್ಮ ಆದಾಯವಾಗಿರಲಿಲ್ಲ. ಅದನ್ನು ಸೆಕ್ಷನ್ 28ರ ಕೆಳಗೆ ವ್ಯಾಪಾರದ ನಷ್ಟವಾಗಿ ಕೇಳಬೇಕು. ಅಲ್ಲಿ ಟಿಆರ್‌ಎಫ್ ತೀರ್ಪಿನ ರಕ್ಷಣೆ ಸಿಗುವುದಿಲ್ಲ. ನಷ್ಟ ನಿಜಕ್ಕೂ ಆಗಿದೆ, ಈ ವರ್ಷವೇ ಆಗಿದೆ ಎಂದು ಕಾಗದಪತ್ರ ಇಟ್ಟು ತೋರಿಸಬೇಕು. ಇನ್ನು ಲೇವಾದೇವಿ ವ್ಯವಹಾರ ಮಾಡದವರು ಭಾವಮೈದುನನಿಗೋ ಸ್ನೇಹಿತನಿಗೋ ಕೊಟ್ಟ ಕೈಸಾಲ ಮುಳುಗಿದರೆ, ಅದನ್ನು ವ್ಯಾಪಾರದ ಪುಸ್ತಕದಲ್ಲಿ ರೈಟ್ ಆಫ್ ಮಾಡಿದರೂ ಪ್ರಯೋಜನವಿಲ್ಲ. ಸೆಕ್ಷನ್ 44ಎಡಿ ಪ್ರಕಾರ ವಹಿವಾಟಿನ ಶೇ 6 ಅಥವಾ 8 ಲಾಭ ಎಂದು ತೋರಿಸುವ ಸಣ್ಣ ವ್ಯಾಪಾರಿಗೂ ಬಾಕಿ ಬೇರೆಯಾಗಿ ಕಳೆಯಲು ಬರುವುದಿಲ್ಲ, ಎಲ್ಲ ಖರ್ಚೂ ಆ ಅಂದಾಜಿನಲ್ಲೇ ಸೇರಿಹೋಗಿದೆ ಎಂದು ಕಾನೂನು ಭಾವಿಸುತ್ತದೆ.

ರೈಟ್ ಆಫ್ ಮಾಡಿದ ಮೇಲೆ ಪಾರ್ಟಿಯ ಲೆಜರ್ ಸೊನ್ನೆಯಾಗುತ್ತದೆ. ಆಮೇಲೆ ಆ ಹೆಸರು ಯಾರ ನೆನಪಿಗೂ ಬರುವುದಿಲ್ಲ. ಇದು ಅಪಾಯ. ಹಣದ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ಪಾರ್ಟಿ ಬರಹದಲ್ಲಿ ಬಾಕಿ ಒಪ್ಪಿದರೆ ಅಂದಿನಿಂದ ಮತ್ತೆ ಎಣಿಕೆ ಶುರುವಾಗುತ್ತದೆ, ಆದರೆ ಆ ಒಪ್ಪಿಗೆ ಮೂರು ವರ್ಷ ಮುಗಿಯುವ ಮೊದಲೇ ಬಂದಿರಬೇಕು. ಹಾಗಾಗಿ ರೈಟ್ ಆಫ್ ಆದ ಬಾಕಿಗಳಿಗೆ ಬೇರೆ ಪಟ್ಟಿ ಇಟ್ಟು, ಬಿಲ್, ಡೆಲಿವರಿ ಚಲನ್, ಬಾಕಿ ಒಪ್ಪಿದ ಮೇಲ್, ಎಲ್ಲವನ್ನೂ ಜೋಪಾನ ಮಾಡಬೇಕು. ನಮ್ಮ ಪೀಣ್ಯದ ಸಂಸ್ಥೆಗೆ 2027ರಲ್ಲಿ 2 ಲಕ್ಷ ವಸೂಲಾಯಿತು ಎಂದುಕೊಳ್ಳಿ. ಆ 2 ಲಕ್ಷ ಆ ವರ್ಷದ ಆದಾಯ, ಅಷ್ಟೇ. ಹಳೆಯ ರಿಟರ್ನ್ ತೆರೆಯುವ ಅಗತ್ಯವಿಲ್ಲ.

ಆದಾಯ ತೆರಿಗೆಯಲ್ಲಿ ಇಷ್ಟು ಸಮಾಧಾನವಿದೆ, ಜಿಎಸ್‌ಟಿಯಲ್ಲಿ ಅದೂ ಇಲ್ಲ. ಗಿರಾಕಿ ದುಡ್ಡು ಕೊಡಲಿಲ್ಲ ಎಂಬ ಕಾರಣಕ್ಕೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಕ್ರೆಡಿಟ್ ನೋಟ್ ಹಾಕಲು ಸೆಕ್ಷನ್ 34 ಹೇಳುವ ಕಾರಣಗಳು ಬೇರೆ: ಮಾಲು ವಾಪಸ್ ಬಂದಿರಬೇಕು, ಮಾಲಿನಲ್ಲಿ ಕೊರತೆ ಇರಬೇಕು, ಅಥವಾ ಬಿಲ್ಲಿನಲ್ಲಿ ಹೆಚ್ಚು ಹಾಕಿರಬೇಕು. ದುಡ್ಡು ಬಾರದಿರುವುದು ಆ ಪಟ್ಟಿಯಲ್ಲಿಲ್ಲ. ಇನ್ನೊಂದು ಕಡೆ ನೋಡಿ. ಬಿಲ್ ಆಗಿ 180 ದಿನದೊಳಗೆ ದುಡ್ಡು ಕೊಡದ ಗಿರಾಕಿ ತಾನು ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಗಿರಾಕಿ ನಿಯಮ ಪಾಲಿಸಿದ್ದರೆ 1.34 ಲಕ್ಷ ಸರ್ಕಾರಕ್ಕೆ ಮರಳಿರುತ್ತದೆ. ಮಾರಿದವನ 1.80 ಲಕ್ಷ ಆಗಲೇ ಅಲ್ಲಿದೆ. ಯಾರೂ ಕೊಡದ ಬೆಲೆಯ ಮೇಲೆ ಎರಡೂ ಕಡೆಯಿಂದ ತೆರಿಗೆ ತೆಗೆದುಕೊಂಡಂತಾಯಿತು. ಬ್ರಿಟನ್ನಿನ ವ್ಯಾಟ್ ಪದ್ಧತಿಯಲ್ಲಿ ಆರು ತಿಂಗಳು ದಾಟಿದ, ಪುಸ್ತಕದಲ್ಲಿ ರೈಟ್ ಆಫ್ ಆದ ಬಾಕಿಗೆ ಮಾರಿದವನು ತೆರಿಗೆ ವಾಪಸ್ ಪಡೆಯಬಹುದು. ಇಲ್ಲಿ ಗಿರಾಕಿ ಕ್ರೆಡಿಟ್ ವಾಪಸ್ ಕಟ್ಟಿದ ಮಟ್ಟಿಗಾದರೂ ಮಾರಿದವನಿಗೆ ಕೊಡಬೇಕು. ಸರ್ಕಾರಕ್ಕೆ ಅದರಿಂದ ಒಂದು ಪೈಸೆ ನಷ್ಟವಿಲ್ಲ.

ಒಂದು ಪ್ರಶ್ನೆ ಉಳಿಯಿತು. ಪ್ರಾವಿಷನ್ ಅಂದರೆ ತೆರಿಗೆಯವರು ಎಂದೂ ಒಪ್ಪುವುದೇ ಇಲ್ಲವೇ? ಹಾಗಿಲ್ಲ. ಬಾಕಿಯ ಪ್ರಾವಿಷನ್ ನಿಮ್ಮ ಆಸ್ತಿಯ ಬೆಲೆ ಇಳಿಯಬಹುದು ಎಂಬ ಅಂದಾಜು. ಆದರೆ ಆಗಲೇ ಹುಟ್ಟಿರುವ ಹೊಣೆಯೊಂದರ ಮೊತ್ತವನ್ನು ಅಂದಾಜು ಮಾಡುವುದು ಬೇರೆ ವಿಷಯ. ಕೆಜಿಎಫ್ ಮತ್ತು ಬೆಂಗಳೂರಿನ ಬೆಮೆಲ್, ಅಂದರೆ ಭಾರತ್ ಅರ್ತ್ ಮೂವರ್ಸ್, ಕಾರ್ಮಿಕರ ಗಳಿಕೆ ರಜೆಯ ನಗದೀಕರಣಕ್ಕೆ ಹೀಗೆ ಮೊತ್ತ ಎತ್ತಿಟ್ಟಿತ್ತು. ಕಾರ್ಮಿಕ ಈ ವರ್ಷ ದುಡಿದು ರಜೆ ಗಳಿಸಿದ್ದಾನೆ, ಹೊಣೆ ಈ ವರ್ಷವೇ ಹುಟ್ಟಿದೆ, ದುಡ್ಡು ಮುಂದೆ ಕೊಟ್ಟರೂ ಕಳೆಯಬಹುದು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ವಾರಂಟಿಗೂ ಇದೇ ಮಾತು ಬಂತು. ಮಾಲು ಮಾರಿದಾಗಲೇ ರಿಪೇರಿ ಮಾಡಿಕೊಡುವ ಹೊಣೆ ಹುಟ್ಟುತ್ತದೆ. ಹಿಂದಿನ ವರ್ಷಗಳ ಅನುಭವದಿಂದ ಅದರ ಖರ್ಚನ್ನು ನಂಬುವಂತೆ ಅಂದಾಜು ಮಾಡಲು ಬರುತ್ತದಾದರೆ ಒಪ್ಪಬೇಕು ಎಂದಿತು. ಹಾಗಾಗಿ ವಾರಂಟಿಗೆ ಪ್ರಾವಿಷನ್ ಮಾಡುವವರು ಯಾವ ವರ್ಷ ಎಷ್ಟು ಮಾಲು ಹೋಯಿತು, ಅದರಲ್ಲಿ ಎಷ್ಟು ವಾಪಸ್ ಬಂತು, ಎಷ್ಟು ಖರ್ಚಾಯಿತು ಎಂಬ ಪಟ್ಟಿ ಇಡಬೇಕು. ಸುಮ್ನೆ ಒಂದು ಶೇಕಡಾ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ಬೆಮೆಲ್ ತೀರ್ಪಿನ ಲಾಭ ಮಾತ್ರ ಬಹಳ ದಿನ ಉಳಿಯಲಿಲ್ಲ. ರಜೆ ನಗದೀಕರಣವನ್ನು ನಿಜಕ್ಕೂ ಕೊಟ್ಟಾಗಲೇ ಕಳೆಯಬೇಕು ಎಂದು 2001ರಲ್ಲಿ ಸೆಕ್ಷನ್ 43ಬಿಗೆ ಸೇರಿಸಿದರು. 2020ರಲ್ಲಿ ಎಕ್ಸೈಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಾರಂಟಿಯ ತತ್ವ ಉಳಿದಿದೆ.

ಬಾಕಿಯ ಪ್ರಾವಿಷನ್ನಿಗೆ ಕಾನೂನೇ ಬಾಗಿಲು ತೆರೆದಿರುವುದು ಬ್ಯಾಂಕುಗಳಿಗೆ ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ, ಅದೂ ಮಿತಿ ಹಾಕಿ. ಸೆಕ್ಷನ್ 36(1)(viia) ಪ್ರಕಾರ ನಮ್ಮ ದೇಶದ ಬ್ಯಾಂಕುಗಳು ಒಟ್ಟು ಆದಾಯದ ಶೇ 8.5 ಮತ್ತು ಗ್ರಾಮೀಣ ಶಾಖೆಗಳ ಸರಾಸರಿ ಸಾಲದ ಶೇ 10ರವರೆಗೆ ಕಳೆಯಬಹುದು. ಸದರ್ನ್ ಟೆಕ್ನಾಲಜೀಸ್‌ಗೆ ಸಿಗದ ಸೌಲಭ್ಯ 2016ರ ತಿದ್ದುಪಡಿಯಿಂದ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ಬಂತು, ಒಟ್ಟು ಆದಾಯದ ಶೇ 5ರ ಮಿತಿಯಲ್ಲಿ.

ಈ ಮಿತಿಗಳೇ ಮುಂದಿನ ಜಗಳದ ಜಾಗ ಎನ್ನಿಸುತ್ತದೆ. ಕಂತು ನಿಂತ ಮೇಲೆ ಪ್ರಾವಿಷನ್ ಮಾಡುವ ಈಗಿನ ಪದ್ಧತಿಯ ಬದಲು, ಸಾಲ ಕೊಟ್ಟಾಗಿನಿಂದಲೇ ಮುಂದೆ ಆಗಬಹುದಾದ ನಷ್ಟವನ್ನು ಅಂದಾಜು ಮಾಡಿ ಪ್ರಾವಿಷನ್ ಮಾಡಬೇಕು ಎಂಬ ಕರಡನ್ನು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. 2027ರ ಏಪ್ರಿಲ್ 1ರಿಂದ ಜಾರಿಗೆ ತರುವ ಪ್ರಸ್ತಾವ ಅದರಲ್ಲಿದೆ. ದೊಡ್ಡ ಕಂಪನಿಗಳು ಹೊಸ ಲೆಕ್ಕ ಮಾನದಂಡದ ಪ್ರಕಾರ ಈಗಾಗಲೇ ಗಿರಾಕಿಗಳ ಬಾಕಿಗೆ ಹೀಗೇ ಮಾಡುತ್ತಿವೆ. ಒಬ್ಬೊಬ್ಬ ಗಿರಾಕಿಯನ್ನು ನೋಡದೆ, 90 ದಿನ ದಾಟಿದ ಬಾಕಿಗೆ ಇಷ್ಟು, 180 ದಿನ ದಾಟಿದ್ದಕ್ಕೆ ಇಷ್ಟು ಎಂದು ಒಟ್ಟಾಗಿ ಶೇಕಡಾ ಹಾಕಿ, ಅದನ್ನು ಬಾಕಿದಾರರ ಮೊತ್ತದಿಂದ ಕಳೆದು ತೋರಿಸುತ್ತವೆ. ನೋಡಲು ಅದು ವಿಜಯಾ ಬ್ಯಾಂಕ್ ಮಾಡಿದ ಹಾಗೇ ಕಾಣುತ್ತದೆ. ಆದರೆ ಯಾರ ಬಾಕಿ ಎಷ್ಟು ಕೈಬಿಟ್ಟಿರಿ ಎಂದು ಕೇಳಿದರೆ ಹೆಸರು ಹೇಳಲು ಬಾರದ ಮೊತ್ತ ಅದು. ಅದನ್ನು ರೈಟ್ ಆಫ್ ಎಂದು ಕ್ಲೇಮ್ ಮಾಡುವವರು ಹೆಸರುವಾರು, ಬಿಲ್‌ವಾರು ಪಟ್ಟಿಯನ್ನು ಮಾರ್ಚ್ 31ರ ಲೆಕ್ಕದ ಜೊತೆಗೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ನೋಟಿಸ್ ಬಂದ ಮೇಲೆ ಕೂತು ಮಾಡಿದ ಪಟ್ಟಿಯನ್ನು ಅಧಿಕಾರಿ ನಂಬುವುದು ಕಷ್ಟ.